ಕಿವಿ ನಂಬ್ಕೊಂಡು ಸ್ಪೆಲಿಂಗ್ ಬರೀಬೇಡ ಕಣಮ್ಮ

"ದೊಡ್ಡಪ್ಪ, ಪುಟ್ಟಂಗೆ ಜ್ವರ ಬಂದು ಓದಿಗೆ ತೊಂದ್ರೆ ಆಯ್ತು ಅಂತ ಸ್ಕೂಲಿಗೆ ಲೆಟರ್ ಬರೀತಿದೀನಿ. ಅಫೆಕ್ಟೆಡ್ಡಾ ಎಫೆಕ್ಟೆಡ್ಡಾ? ನಾಳೆ ಬೆಳಗ್ಗೆ ಕೊಡ್ಬೇಕು, ತಪ್ಪಾದ್ರೆ ಮಾನ ಹೋಗತ್ತೆ."

ಸುಮಾ ತಡಿ, ಈಗ್ಲೇ ಪ್ರಿಂಟ್ ತೆಗೀಬೇಡ. ಕಿವಿ ನಂಬ್ಕೊಂಡು ಮಾತ್ರ ಬರೀಬೇಡ ಕಣಮ್ಮ. ಎಫೆಕ್ಟ್ ಅನ್ನುವಾಗ ನಮ್ಮ ಬಾಯಲ್ಲಿ ಎ ಬರತ್ತಲ್ಲ, ಕೈ ಸೀದಾ ಹೋಗಿ ಆಪಲ್ ಎ ಹಾಕ್ಬಿಡತ್ತೆ, ಆದ್ರೆ ಅಲ್ಲಿರೋದು ಎಲಿಫೆಂಟ್ ಇ. ಆಪಲ್ ಎ ಇರೋದು ಅಫೆಕ್ಟಿಗೆ. ನಾನು ಬಿದ್ದಿದ್ದೇ ಈ ಗುಂಡಿಗೆ.

1994, ನಿಮ್ಮಪ್ಪನ ಮದ್ವೆ ಆದ ವರ್ಷ, ನಾನಾಗ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಲ್ಲಿ ಟೈಪ್ ಮಾಡ್ತಿದ್ದೆ. ಒಬ್ರು ಟ್ರಾನ್ಸ್‌ಫರ್ ಆಗಿ ರಿಲೀವೂ ಆಗಿದ್ರು, ಲೆಟರಲ್ಲಿ 'ದ ಟ್ರಾನ್ಸ್‌ಫರ್ ಹ್ಯಾಸ್ ಬೀನ್ ಎಫೆಕ್ಟೆಡ್' ಅಂತಿರ್ಬೇಕು, ಅಂದ್ರೆ ಜಾರಿ ಆಗಿದೆ, ಮುಗೀತು ಅಂತ. ನಾನು ಆಪಲ್ ಎ ಕುಟ್ಟಿದೆ. ಆಗ ಅರ್ಥ ಏನಾಯ್ತು, ಟ್ರಾನ್ಸ್‌ಫರಿಗೇ ಏನೋ ಅಡ್ಡಿ ಬಂದಿದೆ ಅಂತ! ಮೇಲಿನ ಆಫೀಸಿಂದ ಕೆಂಪು ಇಂಕಲ್ಲಿ 'ಅಫೆಕ್ಟೆಡ್ ಬೈ ವಾಟ್?' ಅಂತ ಬರ್ದು ಫೈಲ್ ವಾಪಸ್ ಬಂತು, ಮತ್ತೆ ಕಾರ್ಬನ್ ಇಟ್ಟು ಟೈಪ್ ಮಾಡಿ ಕಳ್ಸಿ ಅದು ತಲುಪೋ ಹೊತ್ತಿಗೆ ಆ ಮನುಷ್ಯನಿಗೆ ಒಂದು ತಿಂಗಳ ಸಂಬಳ ನಿಂತೋಗಿತ್ತು. ಅದಕ್ಕೇ ಹೇಳ್ತಿರೋದು, ಕಿವಿ ನಂಬ್ಬೇಡ, ಫೋನನ್ನೂ ನಂಬ್ಬೇಡ, ಎರಡೂ ಇರೋ ಪದಗಳೇ ಆಗಿರೋದ್ರಿಂದ ಅದು ಕೆಂಪು ಗೆರೆನೂ ಎಳೆಯೋದು ಡೌಟು.

ಅಲ್ಲ, ಓದಿ ಇನಿಶಿಯಲ್ ಹಾಕಿದ್ದು ಸೂಪರಿಂಟೆಂಡೆಂಟು, ಮೆಮೋ ಬಂದಿದ್ದು ನಂಗೆ! ಆ ಸಿಟ್ಟಲ್ಲಿ ಸ್ವಂತ ದುಡ್ಡಲ್ಲಿ ಒಂದು ದಪ್ಪ ಡಿಕ್ಷನರಿ ತಂದೆ, ಅದನ್ನ ನಿಮ್ಮತ್ತೆ ಮಗ ಎಕ್ಸಾಮಿಗೆ ಅಂತ ಒಯ್ದೋನು, ಈಗ ಅವನ ಮಗಳೇ ಡಿಗ್ರಿ ಮುಗ್ಸಿದ್ಲು, ಡಿಕ್ಷನರಿ ಇನ್ನೂ ಬಂದಿಲ್ಲ. ಈ ಗ್ರೂಪಲ್ಲೇ ಇದಾನೆ, ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸ್ತಾನೆ, ಕೇಳಿಸ್ಕೊಳ್ಳಲಿ.

ಹಾಂ, ನಿನ್ ಲೆಟರ್ ಮರ್ತೇಬಿಟ್ಟೆ ನೋಡು. ನಿಂದು ಆಪಲ್ ಎ. 'ದ ಫೀವರ್ ಅಫೆಕ್ಟೆಡ್ ಹಿಸ್ ಸ್ಟಡೀಸ್'. ಜ್ವರ ಏನ್ ಮಾಡ್ತು? ಓದು ಕೆಡಿಸ್ತು, ಅಲ್ಲಿ ಒಂದು ಕೆಲಸ ನಡೀತು, ಅದಕ್ಕೆ ಎ. ಅದನ್ನೇ ಜ್ವರದ ಪರಿಣಾಮ ಅಂತ ಬರೆಯೋದಾದ್ರೆ 'ದಿ ಎಫೆಕ್ಟ್ ಆಫ್ ದ ಫೀವರ್', ಮುಂಚೆ ದಿ, ಆನ್ ಏನಾದ್ರೂ ಕೂತಿದ್ರೆ ಹೆಚ್ಚುಕಮ್ಮಿ ಇ ಅಂತಾನೇ ಲೆಕ್ಕ. ನನ್ನ ಟ್ರಾನ್ಸ್‌ಫರ್ ಥರ, ಜಾರಿ ಮಾಡಿದ್ರು ಅನ್ನೋ ಅರ್ಥಕ್ಕೆ ಮಾತ್ರ ಕೆಲಸದ ಮಾತಾದ್ರೂ ಇ ಬರತ್ತೆ, ಅದು ಆಫೀಸ್ ಭಾಷೆ, ನಿಂಗೆ ಬೇಡ. ಸೋಮವಾರದಿಂದ ಬರ್ತಾನೆ ಅನ್ನೋಕೆ 'ವಿತ್ ಎಫೆಕ್ಟ್ ಫ್ರಮ್' ಅಂತೆಲ್ಲ ಹಾಕಕ್ಕೆ ಹೋಗ್ಬೇಡ, 'ಫ್ರಮ್ ಮಂಡೇ' ಸಾಕು. ಬರ್ದು ಫೋಟೋ ಹಾಕು, ನೋಡ್ತೀನಿ, ಹತ್ತು ಗಂಟೆವರ್ಗೂ ಎದ್ದಿರ್ತೀನಿ.