ಅಪ್‌ಡೇಟ್: 17 ಡಿಗ್ರಿ 21 ಆಗಿದ್ದು ಹೇಗೆ?

ನನ್ನ ಪ್ರಶ್ನೆ ಇದಾಗಿತ್ತು: "13 ವರ್ಷದ ಮಗಳಿಗೆ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ. ಆರು ತಿಂಗಳಲ್ಲಿ ಬೆನ್ನಿನ ಬಾಗು 17ರಿಂದ 21 ಡಿಗ್ರಿಗೆ ಹೋಗಿದೆ. ಜಾಸ್ತಿ ಆಗ್ತಿದೆಯಾ?"

ಅಪ್‌ಡೇಟ್: ಡಾಕ್ಟರ್ ಎರಡೂ ಎಕ್ಸ್-ರೇಗಳನ್ನು ಪಕ್ಕಪಕ್ಕ ಇಟ್ಟು ನಮ್ಮೆದುರೇ ಅಳೆದರು. ಈ ಅಳತೆಗೆ ಕಾಬ್ ಕೋನ ಅಂತಾರೆ. ಬಾಗಿನ ಮೇಲ್ತುದಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಓರೆಯಾಗಿರುವ ಮೂಳೆಯನ್ನು ಹುಡುಕಿ, ಅದರ ಮೇಲಂಚಿಗೆ ಒಂದು ಗೆರೆ ಎಳೆಯುತ್ತಾರೆ. ಕೆಳತುದಿಯಲ್ಲೂ ಹಾಗೇ ಹುಡುಕಿ, ಆ ಮೂಳೆಯ ಕೆಳಂಚಿಗೆ ಇನ್ನೊಂದು ಗೆರೆ. ಎರಡು ಗೆರೆಗಳ ನಡುವಿನ ಕೋನವೇ ರಿಪೋರ್ಟಿನಲ್ಲಿರುವ ಡಿಗ್ರಿ.

ಎಡವಟ್ಟು ಆಗಿದ್ದು ಆ ಹುಡುಕುವ ಹಂತದಲ್ಲೇ. ಮೊದಲ ಸಲ ಮೇಲಿನ ಮೂಳೆಯಾಗಿ ಟಿ7, ಅಂದರೆ ಎದೆಭಾಗದ ಏಳನೇ ಬೆನ್ನುಮೂಳೆ ತಗೊಂಡಿದ್ದರು, ಎರಡನೇ ಸಲ ಅದರ ಮೇಲಿನ ಟಿ6. ನಿಜಕ್ಕೂ ಜಾಸ್ತಿ ಓರೆ ಇದ್ದದ್ದು ಟಿ6. ಹಾಗಾಗಿ ಮೊದಲ ಅಂಕಿಯೇ ಕಡಿಮೆ ಬಂದಿತ್ತು! ಎರಡರಲ್ಲೂ ಟಿ6ರಿಂದಲೇ ಅಳೆದಾಗ ಹಳೆಯದು 19, ಹೊಸದು 20.

ಒಂದೇ ಎಕ್ಸ್-ರೇಯನ್ನು ಇಬ್ಬರು ಅಳೆದರೂ ಮೂರು-ನಾಲ್ಕು ಡಿಗ್ರಿ ಆಚೀಚೆ ಆಗಬಹುದಂತೆ. ಅದಕ್ಕೇ ಸಾಮಾನ್ಯವಾಗಿ 5 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಮಾತ್ರ ಬಾಗು ಹೆಚ್ಚಿದೆ ಅಂತ ಪರಿಗಣಿಸುತ್ತಾರೆ. ನಾನು ಸುಮ್ನೆ ಅಂಕಿಗಳನ್ನು ಕಳೆದು ಗಾಬರಿಯಾಗಿದ್ದೆ.

ಹಾಗಂತ ಬಿಟ್ಟುಬಿಡುವ ಹಾಗಿಲ್ಲ, ಅವಳಿನ್ನೂ ಬೆಳೆಯುತ್ತಿದ್ದಾಳೆ. ಬಾಗು ಹೆಚ್ಚದಂತೆ ಮೈಗೆ ಹಾಕುವ ಬ್ರೇಸ್ ಸದ್ಯಕ್ಕೆ ಬೇಡ ಎಂದರು. ಆರು ತಿಂಗಳಿಗೆ ಮತ್ತೆ ಎಕ್ಸ್-ರೇ, ನಿಂತುಕೊಂಡೇ ತೆಗೆಸಬೇಕು. ಮಲಗಿದರೆ ಬಾಗು ಕಡಿಮೆ ಕಾಣುತ್ತದೆ, ಹೋಲಿಕೆ ಕೆಡುತ್ತದೆ. ಹಳೆಯ ಫಿಲ್ಮನ್ನೂ ಒಯ್ಯುತ್ತೇವೆ, ಬರೀ ರಿಪೋರ್ಟನ್ನಲ್ಲ.