ಪದಚರ್ಚೆ: ‘ರಿಲ್ಯಾಕ್ಸ್ಡ್ ಫಿಟ್’ ಹಾಗೆಯೇ ಇರಲೇ, ಕನ್ನಡವಾಗಲೇ?

ಎಲ್ಲರಿಗೂ ನಮಸ್ಕಾರ.

ಬಟ್ಟೆಯ ಬ್ರ್ಯಾಂಡ್ ಒಂದಕ್ಕೆ ಚಿತ್ರಗಳ ಕೆಳಗಿನ ಬರಹ ಬರೆದುಕೊಡುತ್ತಿದ್ದೇನೆ. ಕನ್ನಡವೂ ಇಂಗ್ಲಿಷೂ ಬೆರೆತಿರಬೇಕು ಎಂಬುದು ಅವರ ಷರತ್ತು. ಎಷ್ಟು ಬೆರೆಸಬೇಕು ಎಂಬುದನ್ನು ನನಗೆ ಬಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಕೊಡಬೇಕು. ಅವರು ಕಳುಹಿಸಿದ ಕರಡು ಇದು:

“ನಮ್ಮ ನ್ಯೂ ಲಿನೆನ್ ಶರ್ಟ್ಸ್ ಈಗ ಅವೈಲಬಲ್. ರಿಲ್ಯಾಕ್ಸ್ಡ್ ಫಿಟ್, ಪ್ರೀ-ಶ್ರಂಕ್ ಫ್ಯಾಬ್ರಿಕ್. ಡೈಲಿ ವೇರ್‌ಗೆ ಪರ್ಫೆಕ್ಟ್.”

ನ್ಯೂ, ಅವೈಲಬಲ್, ಪರ್ಫೆಕ್ಟ್ ಮೂರನ್ನೂ ತೆಗೆದುಹಾಕಿದ್ದೇನೆ, ಅದರಲ್ಲಿ ಅನುಮಾನವಿಲ್ಲ. ಲಿನೆನ್, ಶರ್ಟ್ಸ್, ರಿಲ್ಯಾಕ್ಸ್ಡ್ ಫಿಟ್, ಪ್ರೀ-ಶ್ರಂಕ್ ಇವುಗಳಲ್ಲಿ ಯಾವುದನ್ನು ಉಳಿಸಲಿ? ಪ್ರೀ-ಶ್ರಂಕ್‌ಗೆ ಸದ್ಯಕ್ಕೆ ‘ಒಗೆದರೂ ಕುಗ್ಗದ’ ಎಂದು ಬರೆದುಕೊಂಡಿದ್ದೇನೆ.

– ರ.

*

ಒಂದನ್ನೂ ಉಳಿಸಬೇಡಿ. ಲಿನೆನ್‌ಗೆ ನಾರುಮಡಿ ಎಂಬ ಚೆಲುವಾದ ಪದವಿದೆ. ಶರ್ಟಿಗೆ ಅಂಗಿ ಇದೆ, ಅಚ್ಚಗನ್ನಡ. ಸುದ್ದಗನ್ನಡದಲ್ಲಿ ಸಕ್ಕದವನ್ನು ತಂದಿಡುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ನಯಸೇನ 12ನೆಯ ಶತಮಾನದಲ್ಲೇ ಹೇಳಿದ್ದಾನೆ. ವ್ಯಾಕರಣಕಾರ ಕೇಶಿರಾಜ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಕೂಡಿಸುವ ಅರಿಸಮಾಸವನ್ನು ದೋಷವೆಂದ. ‘ಲಿನೆನ್ ಅಂಗಿ’ ಎಂದರೂ ಅದೇ ದೋಷ. ಸಂಸ್ಕೃತಕ್ಕೇ ಇಲ್ಲದ ರಿಯಾಯಿತಿ ಇಂಗ್ಲಿಷಿಗೆ ಏಕೆ?

– ಶಿ.

*

ರ. ಅವರೇ, ನಾಳೆಯೇ ಕೊಡಬೇಕಾದ್ದರಿಂದ ನೇರವಾಗಿ ಹೇಳುತ್ತೇನೆ. ಕೇಳಬೇಕಾದ ಪ್ರಶ್ನೆ ಪದ ಎಲ್ಲಿಂದ ಬಂತು ಎಂಬುದಲ್ಲ, ಕನ್ನಡದೊಳಗೆ ಬಂದ ಮೇಲೆ ಅದಕ್ಕೆ ಯಾವ ಅರ್ಥ ನೆಲೆಸಿದೆ ಎಂಬುದು. ಕರಡಿನಲ್ಲಿ ಎಲ್ಲಕ್ಕಿಂತ ಅಪಾಯದ ಪದ ‘ಫಿಟ್’. ಇಂಗ್ಲಿಷಿನಲ್ಲಿ ಅದು ಬಟ್ಟೆ ಮೈಮೇಲೆ ಕೂರುವ ಬಗೆ. ಕನ್ನಡದಲ್ಲಿ “ಶರ್ಟು ಫಿಟ್ಟಾಗಿದೆ” ಎಂದರೆ ಬಿಗಿಯಾಗಿದೆ ಎಂದರ್ಥ. ಹಾಗಾಗಿ ‘ರಿಲ್ಯಾಕ್ಸ್ಡ್ ಫಿಟ್’ ಎಂಬುದು ಕನ್ನಡದ ಕಿವಿಗೆ ‘ಸಡಿಲವಾದ ಬಿಗಿ’ ಎಂದು ಕೇಳಿಸುತ್ತದೆ. ಯಾರಾದರೂ ಉತ್ಸಾಹದಿಂದ “ಹೊಸ ಫಿಟ್ಸ್” ಎಂದು ಬರೆದರಂತೂ ಮುಗಿಯಿತು; ಕನ್ನಡದಲ್ಲಿ ಫಿಟ್ಸ್ ಎಂದರೆ ಮೂರ್ಛೆರೋಗ. ‘ಲೂಸ್’ ಹಾಕಿದರೂ ಎಚ್ಚರ ಬೇಕು: “ಲೂಸ್ ಶರ್ಟು” ಸರಿ, “ಈ ವಾರ ಲೂಸಾಗಿರಿ” ಎಂದರೆ ಬೈಗುಳ. ‘ಫ್ರೀ ಸೈಜ್’ ಎಂಬಲ್ಲಿಯೂ ಮೊದಲು ಕೇಳಿಸುವುದು ಪುಕ್ಕಟೆ ಎಂಬ ಅರ್ಥವೇ. ಇಲ್ಲಿ ‘ಮೈಗೆ ಸಡಿಲ’ ಎಂದು ಬರೆಯಿರಿ.

ಇನ್ನು ‘ಒಗೆದರೂ ಕುಗ್ಗದ’. ದಯವಿಟ್ಟು ಇದನ್ನು ತೆಗೆಯಿರಿ. ಪ್ರೀ-ಶ್ರಂಕ್ ಎಂದರೆ ಹೊಲಿಯುವ ಮೊದಲೇ ಬಟ್ಟೆಯನ್ನು ಕುಗ್ಗಿಸಲಾಗಿದೆ ಎಂದಷ್ಟೆ. ಆಮೇಲೂ ಒಗೆತದಲ್ಲಿ ಸ್ವಲ್ಪ ಕುಗ್ಗುವುದು ಉಂಟು, ಬಿಸಿನೀರಿಗೆ ಹಾಕಿದರೆ ಇನ್ನಷ್ಟು. ಇಂಗ್ಲಿಷ್ ಪದ ಆಗಿಹೋದ ಕೆಲಸವೊಂದನ್ನು ಹೇಳುತ್ತದೆ; ನಿಮ್ಮ ಕನ್ನಡ ಮುಂದಿನದಕ್ಕೆ ಮಾತು ಕೊಡುತ್ತದೆ. ತೋಳು ಅರ್ಧ ಬೆರಳು ಮೇಲೇರಿದರೂ ಕೊಂಡವರು ನಿಮ್ಮ ಸಾಲನ್ನೇ ತೋರಿಸುತ್ತಾರೆ. ‘ಮೊದಲೇ ಕುಗ್ಗಿಸಿದ ಬಟ್ಟೆ’ ಸಾಕು.

ಲಿನೆನ್ ಉಳಿಯಲಿ, ಅದು ಸರಕಿನ ಹೆಸರು. ನಾರುಮಡಿ ಎಂದರೆ ಓದುವವರಿಗೆ ಕಾಣುವುದು ಕಾಡಿಗೆ ಹೊರಟ ರಾಮ. ಶಿ. ಅವರಿಗೆ ಎರಡು ಮಾತು. ಅಂಗಿಯೊಳಗಿರುವ ‘ಅಂಗ’ ಸಂಸ್ಕೃತದ್ದು. ನಯಸೇನ ಆ ಪದ್ಯದಲ್ಲಿ ತುಪ್ಪ, ಎಣ್ಣೆ ಎಂದಿಲ್ಲ. ಘೃತ, ತೈಲ ಎಂದಿದ್ದಾನೆ. ಕೇಶಿರಾಜನೂ ಬಿರುದಾವಳಿಯಲ್ಲಿ ಅರಿಸಮಾಸಕ್ಕೆ ಒಪ್ಪಿಗೆ ಕೊಟ್ಟಿದ್ದಾನೆ.

– ಮಂ.

*

ಬಟ್ಟೆಯ ಒಳಪಟ್ಟಿಯ ಮೇಲೆ ಅಚ್ಚು ಹಾಕಿಸುವುದಾದರೆ ನನ್ನ ಅನುಭವ ಕೇಳಿ. ಒಗೆಯುವ ಸೂಚನೆಗಳನ್ನು ಕನ್ನಡಕ್ಕೆ ತಂದುಕೊಟ್ಟಿದ್ದೆ. ‘ಶರ್ಟ್‌ಗೆ’ ಎಂದು ಟೈಪ್ ಮಾಡಿದ್ದು ಅಚ್ಚಾಗಿ ಬಂದಾಗ ‘ಶರ್ಟ್ಗೆ’ ಆಗಿತ್ತು. ಟ್‌ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಅಗಲಿಕೆಯ ಅಕ್ಷರ ಒಂದಿರುತ್ತದೆ. ವಿನ್ಯಾಸದ ಕಡತಕ್ಕೆ ಅಂಟಿಸುವಾಗ ಅದು ಕಳೆದುಹೋಗಿತ್ತು. ರ, ಟ, ಗ ಒಂದರ ಮೇಲೊಂದು ಕುಳಿತು ಯಾರಿಗೂ ಓದಲಾಗಲಿಲ್ಲ. ಪಟ್ಟಿಗಳನ್ನೆಲ್ಲ ಮತ್ತೆ ಅಚ್ಚು ಹಾಕಿಸಬೇಕಾಯಿತು. ಅಂದಿನಿಂದ ಬಟ್ಟೆಯ ಕೆಲಸದಲ್ಲಿ ಇಂಗ್ಲಿಷ್ ಪದವೇ ಬೇಡ ಎಂದುಕೊಂಡಿದ್ದೇನೆ.

– ಗೋ.

*

ಗೋ. ಅವರೇ, ರ. ಅವರು ಕೇಳಿದ್ದು ಒಳಪಟ್ಟಿಯ ವಿಷಯವಲ್ಲ. ಆದರೂ ನಿಮ್ಮ ಮಾತು ಇಲ್ಲಿಗೆ ಬಹಳ ಉಪಯೋಗದ್ದು. ತಪ್ಪು ಇಂಗ್ಲಿಷ್ ಪದದ್ದಲ್ಲ, ಅದಕ್ಕೆ ಕನ್ನಡದ ಕೊನೆಯನ್ನು ಕೊಡದೆ ಇದ್ದದ್ದು. ‘ಶರ್ಟಿಗೆ’ ಎಂದು ಬರೆದಿದ್ದರೆ ಕಾಣದ ಅಕ್ಷರದ ಹಂಗೇ ಇರುತ್ತಿರಲಿಲ್ಲ. ಶರ್ಟು, ಶರ್ಟಿನ, ಶರ್ಟುಗಳು ಎಂದು ಸಲೀಸಾಗಿ ನಡೆಯುವ ಪದ ನಮ್ಮದಾಗಿದೆ ಎಂದೇ ಲೆಕ್ಕ. ಬಸ್ಸು, ಕೋಟು ಎಲ್ಲವೂ ಹಾಗೆ ಬಂದವೇ. ‘ಅವೈಲಬಲ್’ ಹಾಗೆ ನಡೆಯುವುದಿಲ್ಲ. ‘ರಿಲ್ಯಾಕ್ಸ್ಡ್’ ಕೊನೆಯಲ್ಲಿರುವ ಇಂಗ್ಲಿಷ್ ಪ್ರತ್ಯಯವನ್ನು ಬಿಡಲೊಲ್ಲದು. ಹಾಗೆಯೇ ರ. ಅವರೇ, ‘ಶರ್ಟ್ಸ್’ ಬೇಡ. ಪದವನ್ನು ತನ್ನಿ, ಅದರ ಬಹುವಚನವನ್ನು ಅಲ್ಲಿಯೇ ಬಿಟ್ಟು ಬನ್ನಿ.

– ಮಂ.

*

ಬಿರುದಾವಳಿಯ ವಿನಾಯಿತಿಯನ್ನು ಅಂಗಡಿಯ ಜಾಹೀರಾತಿಗೆ ಎಳೆದು ತರುವುದು ಕುತರ್ಕ. ‘ಪ್ರಚಲಿತವಾಗಿದೆ’ ಎಂಬ ಒಂದೇ ಕಾರಣಕ್ಕೆ ಬಾಗಿಲು ತೆರೆದ ಮೇಲೆ ಮುಚ್ಚುವುದು ಯಾವಾಗ? ತೋಳು, ಗುಂಡಿ, ಅಂಚು, ಹೊಲಿಗೆ ಇವೆಲ್ಲ ಇಂದಿಗೂ ಬದುಕಿವೆ. ಆದರೂ ಬಟ್ಟೆಯ ಬರಹಗಳಲ್ಲಿ ಸ್ಲೀವ್, ಬಟನ್, ಬಾರ್ಡರ್, ಸ್ಟಿಚಿಂಗ್ ಎಂದೇ ಕಾಣುತ್ತೇನೆ. ಬದುಕಿರುವ ಪದವನ್ನು ಮೂಲೆಗೆ ತಳ್ಳಿದ್ದು ಬಡತನದಿಂದಲ್ಲ, ಕೀಳರಿಮೆಯಿಂದ. ಅಂಗಿಯ ವಿಷಯದಲ್ಲಿಯೂ ಅದೇ ಆಗುತ್ತಿದೆ. ಅದರ ಮೂಲ ಸಂಸ್ಕೃತವಾದರೆ ಆಗಲಿ, ನಮ್ಮ ತಾಯಂದಿರ ಬಾಯಲ್ಲಿದ್ದ ಪದ.

– ಶಿ.

*

ತಾಯಂದಿರ ಬಾಯಲ್ಲಿ ಇದ್ದುದೇ ಪ್ರಮಾಣವಾದರೆ, ಅದು ನಾನು ಹೇಳಿದ ವಾದವೇ ಆಯಿತು.

ತೋಳು, ಗುಂಡಿ, ಅಂಚುಗಳ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ, ಅವುಗಳಿಗೆ ಇಂಗ್ಲಿಷ್ ತರಲು ಯಾವ ಕಾರಣವೂ ಇಲ್ಲ. ಅಂಗಿಯ ತೊಡಕು ಬೇರೆ. ಅದು ಮೇಲುಡುಪಿಗೆಲ್ಲ ಸಲ್ಲುವ ವಿಶಾಲ ಪದ, ಮಗುವಿನದೂ ಅಂಗಿಯೇ. ಕೊರಳಪಟ್ಟಿ, ಮುಂದೆ ಗುಂಡಿ ಇರುವುದನ್ನೇ ಬೇರ್ಪಡಿಸಿ ಹೇಳಲು ಶರ್ಟು ಬೇಕಾಗುತ್ತದೆ. ಆದರೆ ಚಿತ್ರ ಮೇಲೆಯೇ ಇರುವಾಗ ಆ ಭೇದವನ್ನು ಪದ ಹೊರಬೇಕಾಗಿಲ್ಲ ಎಂದು ನೀವು ಹೇಳಿದರೆ ನನ್ನಲ್ಲಿ ಗಟ್ಟಿಯಾದ ಉತ್ತರವಿಲ್ಲ.

– ಮಂ.

*

ಎಲ್ಲರಿಗೂ ವಂದನೆಗಳು. ಹೀಗೆ ಬರೆದಿದ್ದೇನೆ:

“ಲಿನೆನ್ ಶರ್ಟು ಬಂದಿದೆ. ಮೈಗೆ ಸಡಿಲ, ಹೆಗಲಿಗೆ ಸರಿಯಳತೆ. ಮೊದಲೇ ಕುಗ್ಗಿಸಿದ ಬಟ್ಟೆ. ದಿನವೂ ತೊಡಿ.”

‘ಹೆಗಲಿಗೆ ಸರಿಯಳತೆ’ ನಾನು ಸೇರಿಸಿದ್ದು. ಬರೀ ಸಡಿಲ ಎಂದರೆ ಅಳತೆ ತಪ್ಪಿದ ಶರ್ಟು ಎಂದು ತಿಳಿದಾರು. ಅವರು ಕಳುಹಿಸಿದ ಶರ್ಟನ್ನು ಹಾಕಿ ನೋಡಿದೆ, ಹೆಗಲಿನ ಹೊಲಿಗೆ ನಿಲ್ಲಬೇಕಾದಲ್ಲಿಯೇ ನಿಂತಿದೆ. ಇಂಗ್ಲಿಷ್ ಎರಡೇ ಪದಕ್ಕೆ ಇಳಿದಿದೆ. ಬೆರಕೆ ಕಡಿಮೆಯಾಯಿತು ಎಂದು ಅವರು ಆಕ್ಷೇಪಿಸಿದರೆ ಈ ಪತ್ರಗಳನ್ನೇ ತೋರಿಸುತ್ತೇನೆ. ಶಿ. ಅವರೇ, ಮುಂದಿನ ವಾರ ಮಕ್ಕಳ ಉಡುಪು ಬರಲಿದೆ, ಅಲ್ಲಿ ಅಂಗಿ ಎಂದೇ ಬರೆಯುತ್ತೇನೆ.

– ರ.

*

‘ದಿನವೂ ತೊಡಿ’ ಎಂದು ಬರೆದದ್ದು ಸಂತೋಷ. ‘ಸರಿಯಳತೆ’ ಒಳ್ಳೆಯ ಪದ, ಇಟ್ಟುಕೊಳ್ಳಿ. ಶರ್ಟನ್ನು ಒಪ್ಪಿಲ್ಲ.

– ಶಿ.