ತಾಲ್ಲೂಕು ಆರೋಗ್ಯ ಸಮೀಕ್ಷೆಗೆ ಮನೆಗಳನ್ನು ಆರಿಸುವುದು ಹೇಗೆ?

ಪ್ರಶ್ನೆ: "ನಮ್ಮ ತಾಲ್ಲೂಕಿನಲ್ಲಿ ಸುಮಾರು 36,000 ಮನೆಗಳಿವೆ. ರಕ್ತದೊತ್ತಡ ಮತ್ತು ಶೌಚಾಲಯ ಬಳಕೆಯ ಬಗ್ಗೆ 400 ಮನೆಗಳ ಸಮೀಕ್ಷೆ ಮಾಡಬೇಕು. ನಾವು ಮೂವರಿದ್ದೇವೆ, ಒಂದು ಜೀಪಿದೆ. ಸರಳ ಯಾದೃಚ್ಛಿಕ, ಸ್ತರೀಕೃತ, ಕ್ರಮಬದ್ಧ, ಬಹುಹಂತದ ಗುಚ್ಛ: ಇವುಗಳಲ್ಲಿ ಯಾವುದನ್ನು ಹಿಡಿಯಬೇಕು?"

ಸಮೀಕ್ಷಾ ಮೇಲ್ವಿಚಾರಕರು: ಸರಳ ಯಾದೃಚ್ಛಿಕ ಆಯ್ಕೆಗೆ ಅಷ್ಟೂ ಮನೆಗಳ ಪಟ್ಟಿ ಬೇಕು. ಅದು ಸಿಕ್ಕರೂ 400 ಮನೆಗಳು ತಾಲ್ಲೂಕಿನ ಮೂಲೆಮೂಲೆಗೆ ಚದುರಿ, ದಿನವೆಲ್ಲ ಜೀಪಿನಲ್ಲೇ ಕಳೆಯುತ್ತದೆ. ಮೊದಲು ಊರು, ಆಮೇಲೆ ಮನೆ ಎಂಬ ಬಹುಹಂತದ ವಿಧಾನವನ್ನೇ ಹಿಡಿಯಿರಿ. ಜನಗಣತಿಯ ಗ್ರಾಮಪಟ್ಟಿಯಲ್ಲಿ ಮನೆಗಳ ಸಂಖ್ಯೆಯನ್ನು ಕೂಡಿಸುತ್ತ ಹೋಗಿ, 1ರಿಂದ 900ರೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿ, ಅಲ್ಲಿಂದ ಪ್ರತಿ 900ಕ್ಕೊಮ್ಮೆ ಗುರುತು ಹಾಕಿ, ಗುರುತು ಬಿದ್ದ ಊರುಗಳನ್ನು ಹಿಡಿದರೆ 40 ಗುಚ್ಛಗಳು ಸಿಗುತ್ತವೆ. 450 ಮನೆಗಳ ಊರು ಆಯ್ಕೆಯಾಗುವ ಸಾಧ್ಯತೆ ಎರಡರಲ್ಲಿ ಒಂದು, 90 ಮನೆಗಳ ಊರಿಗೆ ಹತ್ತರಲ್ಲಿ ಒಂದು. ಆದರೆ ಎರಡರಲ್ಲೂ ಹತ್ತೇ ಮನೆಗಳನ್ನು ನೋಡುವುದರಿಂದ, ಯಾವ ಮನೆಗಾದರೂ ಸಿಗುವ ಅವಕಾಶ ಕೊನೆಗೆ 90ರಲ್ಲಿ ಒಂದೇ ಆಗಿರುತ್ತದೆ.

ದಾರಿ ಉಳಿಸಲೆಂದು 20 ಊರು, ಊರಿಗೆ 20 ಮನೆ ಎಂದು ಮಾಡಬೇಡಿ. ಶೌಚಾಲಯ ಕಟ್ಟಿಸಿದ ಊರಿನಲ್ಲಿ ಬಹುತೇಕ ಎಲ್ಲ ಮನೆಗಳಲ್ಲೂ ಅದಿರುತ್ತದೆ, ಹಾಗಾಗಿ ಇಪ್ಪತ್ತನೆಯ ಮನೆ ಹೊಸದೇನನ್ನೂ ಹೇಳುವುದಿಲ್ಲ. ಒಂದೇ ಊರಿನ ಮನೆಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಎಂಬ ಅಳತೆ, ಅಂದರೆ ಊರೊಳಗಿನ ಹೋಲಿಕೆ, 0.2 ಇದ್ದರೆ ಊರಿಗೆ 20 ಮನೆ ಮತ್ತು 10 ಮನೆ ಹಿಡಿದಾಗಿನ ಪರಿಣಾಮ ಹೀಗಿರುತ್ತದೆ:

```
1 + (20-1) × 0.2 = 4.8    400 / 4.8 ≈ 83
1 + (10-1) × 0.2 = 2.8    400 / 2.8 ≈ 143
```

ಅಂದರೆ ಊರಿಗೆ 20ರಂತೆ ನೀವು 400 ಮನೆಗಳಿಗೆ ಹೋಗಿಬಂದರೂ ಸರಳ ಯಾದೃಚ್ಛಿಕ ಆಯ್ಕೆಯ 83 ಮನೆಗಳಷ್ಟೇ ನಿಖರತೆ ದಕ್ಕುತ್ತದೆ, ಊರಿಗೆ 10ರಂತಾದರೆ 143 ಮನೆಗಳಷ್ಟು. ರಕ್ತದೊತ್ತಡದಲ್ಲಿ ಊರೊಳಗಿನ ಹೋಲಿಕೆ ಸಾಮಾನ್ಯವಾಗಿ ಕಡಿಮೆ, ನಷ್ಟವೂ ಕಡಿಮೆ.

ಆರೋಗ್ಯ ನಿರೀಕ್ಷಕರೊಬ್ಬರು: ಸ್ತರೀಕೃತವೇ ಮೇಲು. ಐದು ಹೋಬಳಿಗಳಿದ್ದರೆ ತಲಾ 80 ಮನೆಗಳನ್ನು ತೆಗೆದುಕೊಂಡು ಸರಾಸರಿ ಹಾಕಿದರೆ ಯಾವ ಹೋಬಳಿಗೂ ಅನ್ಯಾಯವಾಗುವುದಿಲ್ಲ.

ಸಮೀಕ್ಷಾ ಮೇಲ್ವಿಚಾರಕರು: ಹೋಬಳಿಗಳನ್ನು ಹೋಲಿಸುವುದಿದ್ದರೆ ನಿಮ್ಮ ಮಾತು ಸರಿ. ತಾಲ್ಲೂಕಿನ ಸರಾಸರಿ ಬೇಕಾದರೆ, 12,000 ಮನೆಗಳ ಹೋಬಳಿಗೂ 3,000 ಮನೆಗಳದ್ದಕ್ಕೂ ಒಂದೇ ತೂಕ ಕೊಟ್ಟಂತಾಗಿ ಉತ್ತರ ವಾಲುತ್ತದೆ. ಮನೆಗಳ ಸಂಖ್ಯೆಗೆ ತಕ್ಕ ತೂಕ ಕೊಡಲೇಬೇಕು. ಅದಕ್ಕಿಂತ, ಕೂಡಿಸುವ ಮೊದಲೇ ಗ್ರಾಮಪಟ್ಟಿಯನ್ನು ಹೋಬಳಿವಾರು ಜೋಡಿಸಿಟ್ಟರೆ ಪ್ರತಿ ಹೋಬಳಿಗೂ ಅದರ ಪಾಲು ತಾನಾಗಿಯೇ ಬರುತ್ತದೆ.

ಕೊಡಗಿನಿಂದ ಒಬ್ಬರು: ಊರೊಳಗೆ ನಾವು ಕ್ರಮಬದ್ಧವಾಗಿ ಹತ್ತಕ್ಕೊಂದು ಮನೆ ಹಿಡಿದೆವು. ಕಾಫಿ ತೋಟದ ಲೈನ್ ಮನೆಗಳಲ್ಲಿ ಸಾಲಿಗೆ ಹತ್ತು ಮನೆಗಳು, ನಮ್ಮ ಆರಂಭ 1. ಪ್ರತಿ ಸಾಲಿನಲ್ಲೂ ಮೇಸ್ತ್ರಿಯ ತುದಿಮನೆಯೇ ಬಂತು, ಅವೆಲ್ಲದರಲ್ಲೂ ಸ್ವಂತ ನಲ್ಲಿ ಇತ್ತು. ನಕ್ಷೆಯ ಮೇಲೆ ಗುರುತು ಹಾಕಿದ ಮೇಲೆಯೇ ಅದು ಕಣ್ಣಿಗೆ ಬಿದ್ದಿತು. ಆಮೇಲೆ ಪ್ರತಿ ಊರಿನಲ್ಲೂ ಹೊಸದಾಗಿ ಮನೆಪಟ್ಟಿ ಮಾಡಿ ಚೀಟಿಯಿಂದಲೇ ಆರಿಸಿದೆವು.

ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿನಿ: ಬೀಗ ಹಾಕಿದ ಮನೆಗೆ ಬದಲಾಗಿ ಪಕ್ಕದ ಮನೆ ತೆಗೆದುಕೊಳ್ಳಬಹುದೇ? ಹಗಲು ಮನೆಯಲ್ಲಿರುವವರು ಹೆಚ್ಚಾಗಿ ವಯಸ್ಸಾದವರು.

ಸಮೀಕ್ಷಾ ಮೇಲ್ವಿಚಾರಕರು: ಅದಕ್ಕಾಗಿಯೇ ಬದಲಿ ಬೇಡ, ರಕ್ತದೊತ್ತಡದ ಲೆಕ್ಕವೇ ಏರಿಬಿಡುತ್ತದೆ. ಸಂಜೆ ಮತ್ತೆರಡು ಬಾರಿ ಹೋಗಿ, ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಿರಿ.

ಆರೋಗ್ಯ ನಿರೀಕ್ಷಕರೊಬ್ಬರು: ಗುಳೆ ಹೋದ ಊರಿನಲ್ಲಿ ಹತ್ತರಲ್ಲಿ ಆರಕ್ಕೆ ಬೀಗವಿದ್ದರೆ ಉಳಿದ ನಾಲ್ಕರಿಂದ ಏನು ತಿಳಿಯುತ್ತದೆ? ಇದನ್ನು ನಾನು ಒಪ್ಪಲಾರೆ.